ಅಟ್ಟದ ಟ್ರಂಕಿನಲ್ಲಿ 9 ವರ್ಷದ ಪಿಎಫ್ ಸಿಕ್ಕಿದೆ, ದಾಖಲೆಯಲ್ಲಿ ಮಾತ್ರ ಇಲ್ಲ

ಗಣಿತದ ಮಿಸ್ · 14 ಜುಲೈ 2024

ಎಲ್ಲರಿಗೂ ನಮಸ್ಕಾರ. ನಾನು ಚಿಂತಾಮಣಿಯವಳು. ಒಂದು ಖಾಸಗಿ ಶಾಲೆಯಲ್ಲಿ 26 ವರ್ಷ ಗಣಿತ ಹೇಳಿಕೊಟ್ಟೆ. ಕಳೆದ ತಿಂಗಳು 58 ತುಂಬಿತು, ಶಾಲು ಹೊದಿಸಿ ಕಳಿಸಿಕೊಟ್ಟರು. ಅನುದಾನ ಇಲ್ಲದ ಶಾಲೆ. ಹಾಗಾಗಿ ನಮಗೆ ಇರುವುದು ಪಿಎಫ್ ಕಚೇರಿಯ ಪಿಂಚಣಿ ಒಂದೇ.

ಅದಕ್ಕೆ ಅರ್ಜಿ ಹಾಕೋಣ ಅಂತ ಮೊಬೈಲ್‌ನಲ್ಲಿ Service History ತೆಗೆದು ನೋಡಿದೆ. ಸೇರಿದ ದಿನಾಂಕ 1-4-2007 ಅಂತ ಇದೆ. ನಾನು ಸೇರಿದ್ದು 1998ರ ಜೂನ್‌ನಲ್ಲಿ. ಹತ್ತಿರ ಹತ್ತಿರ 9 ವರ್ಷ ಮಾಯ!

ಮೊದಲು ನನಗೇ ಅನುಮಾನ ಬಂತು. ಆ ಕಾಲದಲ್ಲಿ ನಿಜವಾಗಲೂ ಪಿಎಫ್ ಹಿಡಿಯುತ್ತಿದ್ದರಾ? ಯಜಮಾನರ ಕೈಲಿ ಅಟ್ಟದಿಂದ ಟ್ರಂಕು ಇಳಿಸಿಸಿದೆ. ಮಕ್ಕಳ ಮಾರ್ಕ್ಸ್ ಕಾರ್ಡು, ಹಳೇ ಗ್ಯಾಸ್ ಪುಸ್ತಕ, ಮದುವೆ ಖರ್ಚಿನ ಲೆಕ್ಕ, ಎಲ್ಲದರ ಕೆಳಗೆ ಒಂದು ಬಿಸ್ಕತ್ ಡಬ್ಬಿ. ಅದರಲ್ಲಿ ಸಂಬಳದ ಚೀಟಿಗಳನ್ನು ವರ್ಷದ ಪ್ರಕಾರ ಗುಂಡುಪಿನ್ನು ಚುಚ್ಚಿ ಇಟ್ಟಿದ್ದೆ. ಪಿನ್ನು ತುಕ್ಕು ಹಿಡಿದು ಕಾಗದಕ್ಕೇ ಅಂಟಿಕೊಂಡಿದೆ. ಮೊದಲನೇ ಚೀಟಿ 1998ರ ಜುಲೈನದು. ಮೂಲ ವೇತನ 1,800, ಪಿಎಫ್ 216, ಕೈಗೆ 1,584. ಆ 216ರ ಕೆಳಗೆ ಅಡ್ಡಗೆರೆ ಎಳೆದಿದ್ದೇನೆ. ಮೊದಲ ಸಂಬಳದಲ್ಲೇ ಯಾಕೆ ಕಡಿಮೆ ಕೊಟ್ಟರು ಅಂತ ಕೇಳಲು ಇರಬೇಕು.

ಒಟ್ಟು 91 ಚೀಟಿ ಇವೆ. ನಡುವೆ ಕೆಲವು ತಿಂಗಳದು ಕಳೆದಿವೆ. ಪ್ರತಿಯೊಂದರಲ್ಲೂ ಪಿಎಫ್ ಹಿಡಿದಿದ್ದಾರೆ. ಇದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಲಿ? ಶಾಲೆಯಲ್ಲಿ ಕೇಳಿದರೆ "ಅದು ಹಳೇ ಮ್ಯಾನೇಜ್‌ಮೆಂಟ್ ಕಾಲದ್ದು ಮಿಸ್" ಅಂದರು.

ಮುಳಬಾಗಿಲು ಮೇಷ್ಟ್ರು · 14 ಜುಲೈ

ಮೇಡಂ, ಗಾಬರಿ ಬೇಡ. ನನಗೂ ಹೀಗೇ ಆಗಿತ್ತು. ಜಿಪಿಎಫ್ ಲೆಕ್ಕದಲ್ಲಿ 14 ತಿಂಗಳ ಕಂತು ಬಿಟ್ಟುಹೋಗಿತ್ತು. ಬಿಇಒ ಕಚೇರಿಯಲ್ಲಿ ಹಳೇ ಬಿಲ್ ಹುಡುಕಿಸಿ. ಆ ತಿಂಗಳುಗಳ ಖಜಾನೆ ವೋಚರ್ ನಂಬರ್ ಮತ್ತು ತಾರೀಕು ಬರೆಸಿಕೊಂಡು ಬೆಂಗಳೂರಿನ ಎಜಿ ಕಚೇರಿಗೆ ಕಳಿಸಿ. ವೋಚರ್ ಸಿಕ್ಕರೆ ಅವರು ಜಮಾ ಮಾಡಲೇಬೇಕು. ಎಸ್‌ಆರ್ ಪುಸ್ತಕದ ನಕಲೂ ಜೊತೆಗಿಡಿ.

ಗಣಿತದ ಮಿಸ್ · 14 ಜುಲೈ

ಸರ್, ತಾವು ಸರ್ಕಾರಿ ಶಾಲೆಯವರು ಅನಿಸುತ್ತೆ. ನಮಗೆ ಖಜಾನೆಯೂ ಇಲ್ಲ, ಎಸ್‌ಆರ್ ಪುಸ್ತಕವೂ ಇಲ್ಲ. ರೆವಿನ್ಯೂ ಸ್ಟಾಂಪಿನ ಮೇಲೆ ಸಹಿ ಹಾಕಿಸಿ ಕವರಿನಲ್ಲಿ ದುಡ್ಡು ಕೊಡುತ್ತಿದ್ದರು, ಅಷ್ಟೇ.

ಮುಳಬಾಗಿಲು ಮೇಷ್ಟ್ರು · 14 ಜುಲೈ

ಓದಿದ್ದು ಅರ್ಧ, ಬರೆದದ್ದು ಪೂರ್ತಿ. ಕ್ಷಮಿಸಿ ಮೇಡಂ. ನನಗೆ ವಯಸ್ಸು 71.

ಚೇಳೂರು ಹುಡುಗ · 14 ಜುಲೈ

ಮಿಸ್, ನಾನು ಸೈಬರ್ ಸೆಂಟರ್ ಇಟ್ಟಿದ್ದೀನಿ, ದಿನಾ ಪಿಎಫ್ ಕೆಲಸ ಮಾಡ್ತೀನಿ. ಇದು ಸುಲಭ. ಜಾಯಿಂಟ್ ಡಿಕ್ಲರೇಷನ್ ಹಾಕಿ ಸೇರಿದ ದಿನಾಂಕ ತಿದ್ದಿಸಿಬಿಡಿ. ನೀವೂ ಸಹಿ ಹಾಕ್ತೀರಿ, ಶಾಲೆಯವರೂ ಹಾಕ್ತಾರೆ, ಮುಗೀತು. ಪಿಂಚಣಿ ಕೊನೆಯ 12 ತಿಂಗಳ ಸಂಬಳದ ಸರಾಸರಿ ಮೇಲೆ ಬರುತ್ತೆ. ಸರ್ವಿಸ್ ಜಾಸ್ತಿ ಆದರೆ ಪಿಂಚಣಿನೂ ಜಾಸ್ತಿ.

ಇನ್ನೊಂದು ಗಮನಿಸಿದಿರಾ? ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದೇ 2007ರಲ್ಲಿ. ಕೋಲಾರದಿಂದ ಬೇರೆ ಆದಾಗ ನಿಮ್ಮ ಹಳೇ ಲೆಕ್ಕ ಅಲ್ಲೇ ಉಳಿದುಹೋಗಿದೆ. ನನಗೆ ಡೌಟೇ ಇಲ್ಲ.

ಗಣಿತದ ಮಿಸ್ · 14 ಜುಲೈ

ಅಯ್ಯೋ ಹೌದಲ್ವಾ! ಹಳೇ ಚೀಟಿಯಲ್ಲೆಲ್ಲ "ಚಿಂತಾಮಣಿ, ಕೋಲಾರ ಜಿಲ್ಲೆ" ಅಂತಲೇ ಇದೆ. ಹಾಗಾದರೆ ಕೋಲಾರಕ್ಕೆ ಹೋಗಬೇಕಾ?

ಹಳೇ ಫೈಲು · 15 ಜುಲೈ

ಕೋಲಾರಕ್ಕೆ ಬಸ್ಸು ಹತ್ತಬೇಡಿ ತಾಯಿ. ಪೀಣ್ಯದ ಕಾರ್ಖಾನೆಗಳಲ್ಲಿ 31 ವರ್ಷ ಪಿಎಫ್ ಲೆಕ್ಕ ಬರೆದವನು ನಾನು. ಜಿಲ್ಲೆ ಒಡೆದರೆ ತಹಸೀಲ್ದಾರರ ಫೈಲು ಓಡಾಡುತ್ತದೆ, ಪಿಎಫ್ ಲೆಕ್ಕ ಹಾಗೆ ಹೋಗುವುದಿಲ್ಲ. ಪಿಎಫ್ ಕಚೇರಿಯೇ ಬದಲಾದರೂ ನಂಬರಿನ ಮೊದಲ ಅಕ್ಷರಗಳು ಬದಲಾಗುತ್ತವೆ. ನಡುವೆ ಇರುವ ಸಂಸ್ಥೆಯ ಅಂಕಿ, ಕೊನೆಯಲ್ಲಿರುವ ನಿಮ್ಮ ಅಂಕಿ ಸಾಮಾನ್ಯವಾಗಿ ಹಾಗೇ ಇರುತ್ತವೆ.

ಆದ್ದರಿಂದ ಮೊದಲು ಒಂದು ಕೆಲಸ ಮಾಡಿ. ಹಳೇ ಚೀಟಿಯಲ್ಲಿ KN/ ಅಂತ ಶುರುವಾಗುವ ನಂಬರ್ ಇರಬೇಕು. ಅದನ್ನು ಈಗಿನ ನಂಬರಿನ ಪಕ್ಕ ಇಟ್ಟು ನೋಡಿ. ನಡುವಿನ ಅಂಕಿಯೇ ಬೇರೆ ಇದ್ದರೆ, ನಿಮ್ಮ ಶಾಲೆ 2007ರಲ್ಲಿ ಹೊಸ ಕೋಡು ತೆಗೆದುಕೊಂಡಿದೆ ಅಂತ ಅರ್ಥ. ಟ್ರಸ್ಟು ಬದಲಾದಾಗ, ಮ್ಯಾನೇಜ್‌ಮೆಂಟ್ ಕೈ ಬದಲಾದಾಗ ಹೀಗೆ ಮಾಡುತ್ತಾರೆ. ಹಳೇ ನೌಕರರನ್ನೆಲ್ಲ ಹೊಸದಾಗಿ ಸೇರಿದವರಂತೆ ತೋರಿಸಿಬಿಡುತ್ತಾರೆ. ಒಬ್ಬರ ಎಲ್ಲ ಪಿಎಫ್ ಖಾತೆಗೂ ಒಂದೇ ಆದ ಯುಎಎನ್ ನಂಬರ್ ಬಂದದ್ದು 2014ರಲ್ಲಿ. ಆಗ ಚಾಲ್ತಿಯಲ್ಲಿದ್ದ ಹೊಸ ನಂಬರಿಗೆ ಯುಎಎನ್ ಸಿಕ್ಕಿತು. ಹಳೆಯದು ಅನಾಥವಾಯಿತು.

ಇದು ಒಂದು ಸಾಧ್ಯತೆ. ಇನ್ನೊಂದು ಸಾಧ್ಯತೆ ಅಷ್ಟು ಒಳ್ಳೆಯದಲ್ಲ. ಶಾಲೆಯವರು ನಿಮ್ಮ ಸಂಬಳದಲ್ಲಿ ಹಿಡಿದಿದ್ದಾರೆ, ಆದರೆ ಕಟ್ಟೇ ಇಲ್ಲ. ನಿಮ್ಮ 91 ಚೀಟಿ ಹಿಡಿದದ್ದಕ್ಕೆ ಸಾಕ್ಷಿ. ಕಟ್ಟಿದ್ದಕ್ಕೆ ಅಲ್ಲ.

ಕಟ್ಟಿದ್ದಾರೋ ಇಲ್ಲವೋ ತಿಳಿಯಲು ಬೇರೆ ಒಂದು ಚೀಟಿ ಬೇಕು. ವರ್ಷಕ್ಕೊಮ್ಮೆ ಪಿಎಫ್ ಕಚೇರಿಯಿಂದಲೇ ಒಂದು ಲೆಕ್ಕದ ಚೀಟಿ ಬರುತ್ತಿತ್ತು, ಫಾರಂ 23 ಅಂತ. ಆರಂಭದ ಶಿಲ್ಕು, ನಿಮ್ಮ ಪಾಲು, ಮಾಲೀಕರ ಪಾಲು, ಬಡ್ಡಿ, ಕೊನೆಯ ಶಿಲ್ಕು ಎಲ್ಲ ಇರುತ್ತದೆ. ಶಾಲೆಯ ಕ್ಲರ್ಕ್ ಅದನ್ನು ಹಂಚುತ್ತಿದ್ದ. ಯಾರೂ ಓದುತ್ತಿರಲಿಲ್ಲ, ಮಡಚಿ ಎಲ್ಲೋ ಇಡುತ್ತಿದ್ದರು. ಟ್ರಂಕಿನಲ್ಲಿ ಅಂಥದ್ದು ಇದೆಯಾ? ಅದಿದ್ದ ವರ್ಷಕ್ಕೆ ದುಡ್ಡು ಅಲ್ಲಿ ಮುಟ್ಟಿದೆ ಅಂತ ಕಣ್ಣು ಮುಚ್ಚಿ ಹೇಳಬಹುದು.

ಕಡ್ಲೆಕಾಯಿ · 15 ಜುಲೈ

ಇಷ್ಟೆಲ್ಲ ಯಾಕೆ? ಹಿಡಿದು ಕಟ್ಟದಿದ್ದರೆ ಅದು ನಂಬಿಕೆ ದ್ರೋಹ, ಪೊಲೀಸ್ ಕೇಸು. ಸ್ಟೇಷನ್ ಮೆಟ್ಟಿಲು ಹತ್ತಿಸಿ, ಎಲ್ಲ ದಾಖಲೆ ತಾನಾಗೇ ಹೊರಗೆ ಬರುತ್ತೆ.

ಹಳೇ ಫೈಲು · 15 ಜುಲೈ

ಕೇಸು ಹಾಕಬಹುದು, ಸುಳ್ಳಲ್ಲ. ಆದರೆ ಕಟ್ಟಿದ್ದಾರೋ ಇಲ್ಲವೋ ಗೊತ್ತಾಗುವ ಮೊದಲೇ ಯಾರ ಮೇಲೆ ಹಾಕುತ್ತೀರಿ? ಈಗಿನ ಮ್ಯಾನೇಜ್‌ಮೆಂಟ್‌ನ ಸಹಿ ನಮಗೆ ಇನ್ನೂ ಬೇಕು.

ಗಣಿತದ ಮಿಸ್ · 16 ಜುಲೈ

ನಿನ್ನೆ ರಾತ್ರಿ ಹನ್ನೊಂದರವರೆಗೆ ಹಾಲಿನ ನೆಲದ ಮೇಲೆ ಕಾಗದ ಹರಡಿಕೊಂಡು ಕೂತಿದ್ದೆ. ಫ್ಯಾನ್ ಹಾಕುವ ಹಾಗಿಲ್ಲ, ಎಲ್ಲ ಹಾರುತ್ತೆ.

ಹಳೇ ಫೈಲು ಸರ್ ಹೇಳಿದ ಚೀಟಿ ಸಿಕ್ಕಿತು! ಐದು ಇವೆ. 1998-99ರಿಂದ 2002-03ರವರೆಗೆ, ಒಂದೂ ತಪ್ಪಿಲ್ಲ. ಕೊನೆಯದರಲ್ಲಿ ಶಿಲ್ಕು 24,612 ಅಂತ ಇದೆ. ನಂಬರಿನ ನಡುವಿನ ಅಂಕಿ ಈಗಿನದಕ್ಕಿಂತ ಪೂರ್ತಿ ಬೇರೆ. ಕೊನೆಯ ಅಂಕಿ ಆಗ 28, ಈಗ 6.

2003-04ರಿಂದ ಮುಂದಕ್ಕೆ ಸಂಬಳದ ಚೀಟಿ ಮಾತ್ರ. ಪಿಎಫ್ ಕಚೇರಿಯ ಚೀಟಿ ಒಂದೂ ಇಲ್ಲ. ನಾಲ್ಕು ವರ್ಷ ಪೂರ್ತಿ ಖಾಲಿ. ನಾನು ಕಾಗದ ಬಿಸಾಡುವ ಪೈಕಿ ಅಲ್ಲ. 1999ರ ಹಾಲಿನ ಲೆಕ್ಕ ಕೂಡ ಇದೆ ನನ್ನ ಹತ್ತಿರ.

ಇನ್ನೊಂದು ತೊಡಕು. ಹಳೇ ಚೀಟಿಯಲ್ಲಿ ನನ್ನ ಹೆಸರಿನ ಹಿಂದೆ ತಂದೆಯ ಇನಿಷಿಯಲ್ ಇದೆ, ಮುಂದೆ "ಅಮ್ಮ" ಅಂತ ಸೇರಿಸಿದ್ದಾರೆ. ಆಧಾರ್‌ನಲ್ಲಿ ಎರಡೂ ಇಲ್ಲ.

ಹಳೇ ಫೈಲು · 16 ಜುಲೈ

ಭೇಷ್. ಈಗ ನಿಮ್ಮ ಒಂದು ಸಮಸ್ಯೆ ಎರಡಾಯಿತು. ಅದು ಒಳ್ಳೆಯದೇ, ಯಾಕೆಂದರೆ ಎರಡಕ್ಕೂ ದಾರಿ ಬೇರೆ ಬೇರೆ.

ಮೊದಲ ಐದು ವರ್ಷದ ದುಡ್ಡು ಪಿಎಫ್ ಕಚೇರಿಯಲ್ಲೇ ಇದೆ. ಹಳೇ ನಂಬರಿನಲ್ಲಿ ಮಲಗಿದೆ. ಅದನ್ನು ನಿಮ್ಮ ಯುಎಎನ್‌ಗೆ ಸೇರಿಸಿ, ಫಾರಂ 13ರಲ್ಲಿ ಹೊಸ ಖಾತೆಗೆ ವರ್ಗ ಮಾಡಿಸಬೇಕು. ಹೆಸರಿನ ವ್ಯತ್ಯಾಸಕ್ಕೆ ಶಾಲೆಯ ಸಹಿ ಇರುವ ಜಾಯಿಂಟ್ ಡಿಕ್ಲರೇಷನ್ ಬೇಕು. ಚೇಳೂರಿನ ತಮ್ಮ ಹೇಳಿದ್ದು ಇಲ್ಲಿಗೆ ಸರಿ.

ಆದರೆ ಅದರಲ್ಲಿ ಸುಮ್ನೆ ದಿನಾಂಕ ತಿದ್ದಿಸಿದರೆ ಮುಗಿಯಿತು ಅನ್ನುವುದು ತಪ್ಪು. ಸೇರಿದ ದಿನಾಂಕ ಹಿಂದಕ್ಕೆ ಹೋದರೆ, ಆ ತಿಂಗಳುಗಳ ವಂತಿಗೆ ಎಲ್ಲಿ ಅಂತ ಕಚೇರಿ ಕೇಳಿಯೇ ಕೇಳುತ್ತದೆ. ದುಡ್ಡು ಕಾಣದಿದ್ದರೆ ಅರ್ಜಿ ವಾಪಸ್. 2003ರಿಂದ 2007ರ ತುಂಡಿಗೆ ಅದೇ ಆಗುವುದು.

ಇನ್ನು ಆ 12 ತಿಂಗಳ ಸರಾಸರಿ ಹಳೇ ಮಾತು ತಮ್ಮಾ. 2014ರ ಸೆಪ್ಟೆಂಬರ್‌ನಿಂದ 60 ತಿಂಗಳ ಸರಾಸರಿ.

ರೇಷ್ಮೆಗೂಡು · 16 ಜುಲೈ

ನಂದೂ ಇದೇ ಕಥೆ ಸರ್. ಶಿಡ್ಲಘಟ್ಟದಿಂದ ಬೆಂಗಳೂರು ಗಾರ್ಮೆಂಟ್ಸ್‌ಗೆ ಹೋಗಿದ್ದೆ. ಹಳೇ ಪಿಎಫ್ ಹೊಸದಕ್ಕೆ ವರ್ಗ ಮಾಡಿಸಿದೆ. ನನ್ನ ಪಾಲು ಬಂತು, ಕಂಪನಿ ಪಾಲು ಬಂತು, ಪಿಂಚಣಿ ಕಾಲಂನಲ್ಲಿ 0 ಅಂತ ಇದೆ. ಏಳು ವರ್ಷದ ಪಿಂಚಣಿ ದುಡ್ಡು ಯಾರು ನುಂಗಿದ್ರು?

ಹಳೇ ಫೈಲು · 16 ಜುಲೈ

ಯಾರೂ ನುಂಗಿಲ್ಲಮ್ಮ. ಪಿಂಚಣಿ ದುಡ್ಡು ನಿಮ್ಮ ಹೆಸರಿನ ಡಬ್ಬಿಯಲ್ಲಿ ಇರುವುದಿಲ್ಲ. ಎಲ್ಲರದೂ ಒಂದೇ ಹುಂಡಿ. ವರ್ಗವಾಗುವುದು ನೀವು ಎಷ್ಟು ವರ್ಷ ಕಟ್ಟಿದಿರಿ ಅನ್ನುವ ಲೆಕ್ಕ. ಅದಕ್ಕೆ ಕಾಲಂನಲ್ಲಿ 0 ಕಾಣುತ್ತದೆ. ನೀವು ನೋಡಬೇಕಾದದ್ದು Service Historyಯಲ್ಲಿ ಹಳೇ ಕಂಪನಿಯ ಸೇರಿದ ತಾರೀಕು, ಬಿಟ್ಟ ತಾರೀಕು ಎರಡೂ ಇವೆಯಾ ಅಂತ. ಬಿಟ್ಟ ತಾರೀಕು ಖಾಲಿ ಇದ್ದರೆ ಈಗಲೇ ಸರಿ ಮಾಡಿಸಿ.

ರೇಷ್ಮೆಗೂಡು · 16 ಜುಲೈ

ಖಾಲಿ ಇದೆ. 😐

ಕಡ್ಲೆಕಾಯಿ · 17 ಜುಲೈ

ಮಿಸ್, ಬೇಜಾರು ಮಾಡ್ಕೋಬೇಡಿ. 1,800 ರೂಪಾಯಿ ಸಂಬಳದ ಕಾಲದ ಪಿಎಫ್‌ಗೆ ಎಷ್ಟು ಓಡಾಡ್ತೀರಿ? ಬಸ್ ಚಾರ್ಜೂ ಗಿಟ್ಟಲ್ಲ. ಇರೋದನ್ನ ತಗೊಂಡು ನೆಮ್ಮದಿಯಾಗಿರಿ.

ಹಳೇ ಫೈಲು · 17 ಜುಲೈ

ಬಹಳ ಜನ ಎಡವುವುದು ಇಲ್ಲೇ. ಸ್ವಲ್ಪ ಬಿಡಿಸಿ ಹೇಳುತ್ತೇನೆ.

1998ರಲ್ಲಿ ಮಿಸ್ ಲೆಕ್ಕದಲ್ಲಿ ಪಿಂಚಣಿಗೆ ಹೋಗಿದ್ದು ತಿಂಗಳಿಗೆ 150 ರೂಪಾಯಿ. ಶಾಲೆಯ ಪಾಲಿನಲ್ಲಿ ಶೇ. 8.33. ಮಿಸ್ ಕೈಯಿಂದ ಹಿಡಿದ 216ರಲ್ಲಿ ಒಂದು ಪೈಸೆಯೂ ಪಿಂಚಣಿಗೆ ಹೋಗುವುದಿಲ್ಲ, ಅದು ಪೂರ್ತಿ ಪಿಎಫ್. ಆದರೆ ಪಿಂಚಣಿ ಕೊಡುವಾಗ ಆ 1,800 ಸಂಬಳವನ್ನು ಯಾರೂ ನೋಡುವುದಿಲ್ಲ. ಕೊನೆಯ 60 ತಿಂಗಳ ಸರಾಸರಿ ನೋಡುತ್ತಾರೆ. 2014ರ ಆಗಸ್ಟ್‌ವರೆಗಿನ ಸೇವೆಗೆ ಆ ಸರಾಸರಿಯಲ್ಲಿ 6,500ರವರೆಗೆ, ಆಮೇಲಿನ ಸೇವೆಗೆ 15,000ರವರೆಗೆ ಲೆಕ್ಕಕ್ಕೆ ಬರುತ್ತದೆ. ಸಂಬಳವನ್ನು ವರ್ಷದಿಂದ ಗುಣಿಸಿ 70ರಿಂದ ಭಾಗಿಸಿದರೆ ತಿಂಗಳ ಪಿಂಚಣಿ.

ಅಂದರೆ 1,800ರ ಕಾಲದ ಒಂದು ವರ್ಷಕ್ಕೂ 6,500ರ ಬೆಲೆ. ಇನ್ನೂ ಒಂದಿದೆ. ಒಟ್ಟು ಸೇವೆ 20 ವರ್ಷ ದಾಟಿದರೆ 2 ವರ್ಷ ಉಚಿತವಾಗಿ ಸೇರಿಸುತ್ತಾರೆ. ಮಿಸ್, ಕೊನೆಯ ಐದು ವರ್ಷದ ಪಿಎಫ್ ಸಂಬಳದ ಸರಾಸರಿ ಎಷ್ಟು ಬರುತ್ತದೆ?

ಗಣಿತದ ಮಿಸ್ · 17 ಜುಲೈ

ಸರಾಸರಿ 14,000. ಲೆಕ್ಕ ನಾನೇ ಮಾಡುತ್ತೇನೆ ಸರ್, ಇಷ್ಟು ದಿನ ಬೇರೆಯವರಿಗೆ ಮಾಡಿಸಿದ್ದು ಸಾಕು.

ಈಗ ದಾಖಲೆಯಲ್ಲಿ ಇರುವುದು: 2007 ಏಪ್ರಿಲ್‌ನಿಂದ 2014 ಆಗಸ್ಟ್‌ವರೆಗೆ 89 ತಿಂಗಳು, ಅಂದರೆ 7.42 ವರ್ಷ. ಅದನ್ನು 6,500ರಿಂದ ಗುಣಿಸಿ 70ರಿಂದ ಭಾಗಿಸಿದರೆ 689. ಆಮೇಲಿನ 117 ತಿಂಗಳು, 9.75 ವರ್ಷ, 14,000ರ ಮೇಲೆ 1,950. ಒಟ್ಟು ಸುಮಾರು 2,640. ಸೇವೆ 17 ವರ್ಷ ಚಿಲ್ಲರೆ. 20 ಮುಟ್ಟಲ್ಲ, ಉಚಿತ 2 ವರ್ಷ ಇಲ್ಲ.

ಚೀಟಿ ಸಿಕ್ಕ ಮೊದಲ ತುಂಡು ಸೇರಿದರೆ: 1998 ಜೂನ್‌ನಿಂದ 2003 ಮಾರ್ಚ್‌ವರೆಗೆ 58 ತಿಂಗಳು. ಅದಕ್ಕೆ 449. ಸೇವೆ 22 ವರ್ಷ ಆಯಿತು, 20 ದಾಟಿತು! ಉಚಿತ 2 ವರ್ಷವನ್ನು ಕಡಿಮೆ ಲೆಕ್ಕದಲ್ಲೇ ಹಿಡಿದರೂ 186. ಒಟ್ಟು 3,275ರ ಹತ್ತಿರ.

ಖಾಲಿ ಇರುವ ನಾಲ್ಕು ವರ್ಷವೂ ಸೇರಿದರೆ ಇನ್ನೊಂದು 371. ಆಗ 3,646.

ಕಡ್ಲೆಕಾಯಿ ಅವರೇ, 2,640ಕ್ಕೂ 3,646ಕ್ಕೂ ವ್ಯತ್ಯಾಸ ತಿಂಗಳಿಗೆ ಸಾವಿರ. ನನ್ನ ಬಿಪಿ, ಶುಗರ್ ಮಾತ್ರೆಯ ಖರ್ಚು ಅಷ್ಟೇ ಬರುತ್ತೆ. ಬಸ್ ಚಾರ್ಜು ನನಗೆ ಇಲ್ಲ, ಆಧಾರ್ ಕಾರ್ಡ್ ತೋರಿಸಿದರೆ ಆಯಿತು.

ಕಡ್ಲೆಕಾಯಿ · 17 ಜುಲೈ

ಸೋತೆ. ತಾಯಿ, ನಮ್ಮ ಶಾಲೆಯಲ್ಲೂ ನಿಮ್ಮಂಥ ಗಣಿತದ ಮಿಸ್ ಇದ್ದರು. ಇವತ್ತೂ ದಾರಿಯಲ್ಲಿ ಕಂಡರೆ ಸೈಕಲ್ ಇಳೀತೀನಿ.

ಹಳೇ ಫೈಲು · 17 ಜುಲೈ

ಲೆಕ್ಕ ಸರಿ ಇದೆ. ಕಚೇರಿಯವರು ದಿನದ ಲೆಕ್ಕ ಹಿಡಿಯುತ್ತಾರೆ, ಐದು ಹತ್ತು ರೂಪಾಯಿ ಆಚೀಚೆ ಆಗಬಹುದು. ನಿಮ್ಮ ನಂತರ ಯಜಮಾನರಿಗೂ ಇದರ ಅರ್ಧ ಬರುತ್ತದೆ ಅನ್ನುವುದನ್ನೂ ನೆನಪಿಟ್ಟುಕೊಳ್ಳಿ.

ಈಗ ಮುಖ್ಯವಾದ ಮಾತು. ಪಿಎಫ್ ಹಣ ಪೂರ್ತಿ ತೆಗೆಯುವ ಫಾರಂ 19 ಈಗಲೇ ಹಾಕಬೇಡಿ. ಹೊಸ ಖಾತೆ ಖಾಲಿ ಆದರೆ ಹಳೆಯದನ್ನು ಅದಕ್ಕೆ ವರ್ಗ ಮಾಡುವುದು ಹೇಗೆ? ಮೊದಲು ವರ್ಗ, ಆಮೇಲೆ ಪಿಂಚಣಿಯ 10ಡಿ, ಜೊತೆಗೆ 19.

ಪ್ರತಿ ತಿಂಗಳು 27ಕ್ಕೆ ಎಲ್ಲ ಜಿಲ್ಲೆಯಲ್ಲೂ ಪಿಎಫ್‌ನವರು "ನಿಧಿ ಆಪ್ಕೆ ನಿಕಟ್" ಅಂತ ಶಿಬಿರ ಮಾಡುತ್ತಾರೆ. ಆ ಐದು ಚೀಟಿಯ ಜೆರಾಕ್ಸ್ ತೆಗೆದುಕೊಂಡು ಹೋಗಿ. ಅಸಲು ಕೊಡಬೇಡಿ. ಯಾರೇ ಕೇಳಲಿ, ತೋರಿಸಿ, ಕೊಡಬೇಡಿ.

ಚೇಳೂರು ಹುಡುಗ · 17 ಜುಲೈ

ಸರ್, ಎಲ್ಲ ಸರಿಯಾಗೋವರೆಗೂ 10ಡಿ ಹಾಕದೇ ಕಾಯೋದು ಒಳ್ಳೇದಲ್ವಾ? ಒಂದು ಸಲ ಪಿಂಚಣಿ ಆದೇಶ ಆದಮೇಲೆ ತಿದ್ದಿಸೋದು ಕಷ್ಟ. ನನ್ನ ಗಿರಾಕಿ ಒಬ್ಬರು ಎರಡು ವರ್ಷದಿಂದ ಅಲೀತಿದ್ದಾರೆ.

ಹಳೇ ಫೈಲು · 17 ಜುಲೈ

ಕಷ್ಟ ಅನ್ನುವುದು ನಿಜ. ಅದಕ್ಕೇ ಮೊದಲ ತುಂಡು ಸೇರುವವರೆಗೆ ಕಾಯಲಿ ಅಂದೆ, ಅದರ ದಾಖಲೆ ಗಟ್ಟಿ ಇದೆ. ಎರಡನೇ ತುಂಡು ವಿಚಾರಣೆಗೆ ಹೋದರೆ ವರ್ಷಗಟ್ಟಲೆ ಆಗಬಹುದು. ಅಲ್ಲಿವರೆಗೆ ಇವರು ಊಟ ಬಿಟ್ಟು ಕೂರಬೇಕಾ? 22 ವರ್ಷಕ್ಕೆ ಪಿಂಚಣಿ ಶುರುವಾಗಲಿ. ಉಳಿದದ್ದು ಸಾಬೀತಾದರೆ ಪರಿಷ್ಕರಿಸಿ ಹಿಂಬಾಕಿ ಕೇಳಲಿ.

ಚೇಳೂರು ಹುಡುಗ · 17 ಜುಲೈ

ನಾನಾಗಿದ್ರೆ ಕಾಯ್ತಿದ್ದೆ. ಆದರೆ ನೀವು ಹಿರಿಯರು.

ಗಣಿತದ ಮಿಸ್ · 28 ಆಗಸ್ಟ್

ನಿನ್ನೆ ಶಿಬಿರಕ್ಕೆ ಹೋಗಿದ್ದೆ. ಎದುರಿಗೆ ಕೂತಿದ್ದ ಹುಡುಗ ಮೊದಲು ಯುಎಎನ್ ಹಾಕಿ "ಮೇಡಂ, ನೀವು ಸೇರಿದ್ದೇ 2007ರಲ್ಲಿ" ಅಂದ. ಅದು ನನಗೆ ಗೊತ್ತಪ್ಪ, ಈ ನಂಬರ್ ಹಾಕಿ ನೋಡು ಅಂತ ಹಳೇ ಚೀಟಿ ಮುಂದಿಟ್ಟೆ. ಎರಡು ಸಲ ಸಿಗಲಿಲ್ಲ. ಪಕ್ಕದಲ್ಲಿದ್ದ ಹಿರಿಯರೊಬ್ಬರು ಚೀಟಿ ಕೈಗೆ ತೆಗೆದುಕೊಂಡು, ನಂಬರಿನ ಮುಂದೆ ಸೊನ್ನೆಗಳನ್ನು ಸೇರಿಸಿ ಟೈಪ್ ಮಾಡು ಅಂದರು. ಬಂತು. ತಂದೆಯ ಇನಿಷಿಯಲ್, "ಅಮ್ಮ", ಎಲ್ಲ ಸಮೇತ ನನ್ನ ಹೆಸರು. ಹುಟ್ಟಿದ ದಿನಾಂಕದ ಜಾಗ ಖಾಲಿ.

ಆ ಹಿರಿಯರು ಚೀಟಿಯನ್ನು ಬೆಳಕಿಗೆ ಹಿಡಿದು "ಇಷ್ಟು ಚೆನ್ನಾಗಿ ಇಟ್ಟಿರೋದು ನಾನು ನೋಡೇ ಇಲ್ಲ" ಅಂದರು.

ಶಾಲೆಗೆ ಜಾಯಿಂಟ್ ಡಿಕ್ಲರೇಷನ್ ತೆಗೆದುಕೊಂಡು ಮೂರು ಸಲ ಹೋದೆ. ಹಳೇ ಟ್ರಸ್ಟಿನ ವಿಷಯಕ್ಕೆ ನಾವು ಯಾಕೆ ಸಹಿ ಹಾಕಬೇಕು ಅಂತ ಸೆಕ್ರೆಟರಿ ತಕರಾರು.

ಹಳೇ ಫೈಲು · 28 ಆಗಸ್ಟ್

ಅದಕ್ಕೆ ಒಂದೇ ಉತ್ತರ. ಕಾಯ್ದೆಯ 17ಬಿ ಕಲಮು. ಸಂಸ್ಥೆ ಕೈ ಬದಲಾದಾಗ, ಆ ದಿನದವರೆಗಿನ ಬಾಕಿಗೆ ಹಳಬರೂ ಹೊಸಬರೂ ಇಬ್ಬರೂ ಹೊಣೆ. ಹೊಸಬರ ಹೊಣೆ ಅವರಿಗೆ ಸಿಕ್ಕ ಆಸ್ತಿಯ ಬೆಲೆಯಷ್ಟಕ್ಕೆ ಮಾತ್ರ, ಅದೂ ಇದೆ. ಜಗಳ ಆಡಬೇಡಿ. ಇದನ್ನು ಒಂದು ಹಾಳೆಯಲ್ಲಿ ಬರೆದು, ಇನ್‌ವರ್ಡ್ ಸೀಲು ಹಾಕಿಸಿಕೊಂಡು ಬನ್ನಿ. ಹೆಸರು ತಿದ್ದಲು ಸಹಿ ಹಾಕಿದರೆ ಅವರ ಜೇಬಿನಿಂದ ಏನೂ ಹೋಗುವುದಿಲ್ಲ ಅಂತ ಬಾಯಲ್ಲಿ ಹೇಳಿ.

ಗಣಿತದ ಮಿಸ್ · 9 ಸೆಪ್ಟೆಂಬರ್

ಸಹಿ ಆಯಿತು. ಸೆಕ್ರೆಟರಿಯ ಮಗಳು ನನ್ನ ಹತ್ತಿರ ಕಲಿತವಳು. ಅವಳೇ ಅಪ್ಪನಿಗೆ ಹೇಳಿದಳಂತೆ. 17ಬಿ ಕಾಗದವನ್ನೂ ಕೊಟ್ಟೆ, ಯಾವುದು ಕೆಲಸ ಮಾಡಿತೋ ಗೊತ್ತಿಲ್ಲ.

ನಡುವೆ ಒಬ್ಬರು ಫೋನ್ ಮಾಡಿ, ಸಿಕ್ಕ ಹಣದಲ್ಲಿ ಶೇ. 15 ಕೊಟ್ಟರೆ ಎಲ್ಲ ಮಾಡಿಸಿಕೊಡುತ್ತೇನೆ, ಯುಎಎನ್ ಪಾಸ್‌ವರ್ಡ್ ಕೊಡಿ ಅಂದರು. ನನ್ನ ನಂಬರ್ ಅವರಿಗೆ ಹೇಗೆ ಸಿಕ್ಕಿತು ಅಂತ ಕೇಳಿದೆ. ಫೋನ್ ಇಟ್ಟರು.

ಹಿಂದಿ ಮಿಸ್ · 11 ಸೆಪ್ಟೆಂಬರ್

ಅಕ್ಕಾ, ನಾನು ಯಾರು ಅಂತ ಗೊತ್ತಾಯ್ತಾ? ಸ್ಟಾಫ್ ರೂಮಿನಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದವಳು. 2006ರಲ್ಲಿ ಬಿಟ್ಟು ಶ್ರೀನಿವಾಸಪುರಕ್ಕೆ ಬಂದೆ. ನನ್ನ ತಂಗಿ ಇದನ್ನೆಲ್ಲ ಓದಿ ನನಗೆ ಕಳಿಸಿದಳು. ನಿಮ್ಮ ಬರವಣಿಗೆ ನೋಡಿದ ತಕ್ಷಣ ನೀವೇ ಅಂದುಕೊಂಡೆ.

ನನ್ನ ಹತ್ತಿರ 2004-05ರ ಪಿಎಫ್ ಚೀಟಿ ಇದೆ. ಅದೊಂದೇ ಇರುವುದು, ಎಲ್‌ಐಸಿ ಬಾಂಡ್ ಜೊತೆ ಸೇರಿಕೊಂಡಿತ್ತು. ನನ್ನ ನಂಬರಿನ ಕೊನೆ 31.

ಹಳೇ ಫೈಲು · 11 ಸೆಪ್ಟೆಂಬರ್

ತಾಯೀ, ಆ ಚೀಟಿಯ ನಡುವಿನ ಅಂಕಿ ಯಾವುದು? ಹಳೆಯದಾ, ಹೊಸದಾ? ಅಂಕಿ ಇಲ್ಲಿ ಬರೆಯಬೇಡಿ, ಯಾವುದು ಅಂತ ಮಾತ್ರ ಹೇಳಿ.

ಹಿಂದಿ ಮಿಸ್ · 11 ಸೆಪ್ಟೆಂಬರ್

ಅಕ್ಕನಿಗೆ ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದ್ದೀನಿ. ಹಳೆಯದೇ ಅಂತೆ.

ಹಳೇ ಫೈಲು · 11 ಸೆಪ್ಟೆಂಬರ್

ಹಾಗಾದರೆ ಆಟ ಬದಲಾಯಿತು. 2004-05ರಲ್ಲಿ ಹಳೇ ಟ್ರಸ್ಟು ದುಡ್ಡು ಕಟ್ಟಿದೆ. ಕನಿಷ್ಠ ಒಬ್ಬರದಾದರೂ. ಒಬ್ಬರದೇ ಕಟ್ಟಲು ಆಗುವುದಿಲ್ಲ. ಎಲ್ಲ ನೌಕರರದೂ ಸೇರಿಸಿ ಒಂದು ಚಲನ್‌ನಲ್ಲಿ ಬ್ಯಾಂಕಿಗೆ ಹೋಗುತ್ತಿತ್ತು. ವರ್ಷದ ಕೊನೆಗೆ ಒಬ್ಬೊಬ್ಬರಿಗೆ ಒಂದು 3ಎ ಹಾಳೆ, ಎಲ್ಲರದೂ ಸೇರಿ 6ಎ ಪಟ್ಟಿ. ಚಲನ್ ಮೊತ್ತ ಸರಿ ಇದ್ದು, ಒಬ್ಬರ 3ಎ ಕಳೆದಿದ್ದರೂ ಅವರ ಲೆಕ್ಕಕ್ಕೆ ದುಡ್ಡು ಏರುತ್ತಿರಲಿಲ್ಲ.

ನಿಮ್ಮ ನಾಲ್ಕು ವರ್ಷ ಕಟ್ಟದೇ ಹೋದದ್ದಾ, ಕಟ್ಟಿಯೂ ಏರದೇ ಹೋದದ್ದಾ ಅನ್ನುವುದು ಈಗ ಪ್ರಶ್ನೆ. ಎರಡನೆಯದಾದರೆ ಯಾರ ಮೇಲೂ ವಿಚಾರಣೆ ಬೇಡ, ದಾಖಲೆ ತಿದ್ದಿದರೆ ಸಾಕು. ಮೊದಲನೆಯದಾದರೆ, ಮಾಲೀಕರ ಬಾಕಿ ಎಷ್ಟು ಅಂತ ಪಿಎಫ್ ಕಚೇರಿ ತೀರ್ಮಾನಿಸುವ 7ಎ ವಿಚಾರಣೆಗೆ ದೂರು ಕೊಡಬೇಕು.

ಆರ್‌ಟಿಐ ಹಾಕಿ, 10 ರೂಪಾಯಿ. ಉದ್ದ ಕಥೆ ಬರೆಯಬೇಡಿ. ಹಳೇ ಕೋಡಿನ ಸಂಸ್ಥೆಯಿಂದ 2003-04ರಿಂದ 2006-07ರವರೆಗೆ ಬಂದ 6ಎ ಪಟ್ಟಿಗಳಲ್ಲಿ ಖಾತೆ 28ರ ಸಾಲಿನ ನಕಲು ಕೊಡಿ, ಆ ವರ್ಷಗಳ ಚಲನ್ ಒಟ್ಟು ಮೊತ್ತ ಕೊಡಿ. ಇಷ್ಟೇ.

ಮುಳಬಾಗಿಲು ಮೇಷ್ಟ್ರು · 12 ಸೆಪ್ಟೆಂಬರ್

ನೋಡಿ, ನಾನು ಮೊದಲೇ ವೋಚರ್ ಹುಡುಕಿ ಅಂದೆ. ಕಚೇರಿ ಬೇರೆ, ಆದರೆ ಮಾತು ಅದೇ ತಾನೆ?

ಹಳೇ ಫೈಲು · 12 ಸೆಪ್ಟೆಂಬರ್

ಒಪ್ಪಿದೆ ಮೇಷ್ಟ್ರೇ.

ಗಣಿತದ ಮಿಸ್ · 18 ನವೆಂಬರ್

ತಡವಾಗಿ ಬರೆಯುತ್ತಿದ್ದೇನೆ. ಮೊದಲ ತುಂಡು ವರ್ಗವಾಯಿತು. Service Historyಯಲ್ಲಿ ಈಗ ಎರಡು ಸಾಲು ಇವೆ. ಹಳೆಯದರಲ್ಲಿ ಬಿಟ್ಟ ದಿನಾಂಕ 31-3-2003 ಅಂತ ಹಾಕಿದ್ದಾರೆ. ನಾನು ಬಿಟ್ಟೇ ಇರಲಿಲ್ಲ, ಆದರೂ ಸದ್ಯಕ್ಕೆ ಇರಲಿ. 10ಡಿ ಹಾಕಿದ್ದೇನೆ, 22 ವರ್ಷಕ್ಕೆ. ಚೇಳೂರಿನ ತಮ್ಮನೇ ಅವನ ಅಂಗಡಿಯಲ್ಲಿ ಕೂರಿಸಿಕೊಂಡು ಅಪ್‌ಲೋಡ್ ಮಾಡಿದ, ದುಡ್ಡು ತೆಗೆದುಕೊಳ್ಳಲಿಲ್ಲ. ಕಾಯಬೇಕಿತ್ತು ಅಂತ ಗೊಣಗಿದ ಅಷ್ಟೇ.

ಆರ್‌ಟಿಐ ಉತ್ತರವೂ ಬಂದಿದೆ. ಅರ್ಧ ಉತ್ತರ. 2004-05 ಮತ್ತು 2005-06ರ 6ಎ ಪಟ್ಟಿ ಸಿಕ್ಕಿದೆ, ಎರಡರಲ್ಲೂ 28ನೇ ಸಾಲಿನಲ್ಲಿ ನನ್ನ ಹೆಸರು, ಮೊತ್ತ ಎರಡೂ ಇವೆ. ನನ್ನ ಚೀಟಿಗಳನ್ನು ಕೂಡಿ ನೋಡಿದೆ, ರೂಪಾಯಿಗೆ ರೂಪಾಯಿ ತಾಳೆಯಾಗುತ್ತೆ. 2003-04 ಮತ್ತು 2006-07ರ ಕಡತ "ಲಭ್ಯವಿಲ್ಲ" ಅಂತ ಬರೆದಿದ್ದಾರೆ.

ಹಳೇ ಫೈಲು · 18 ನವೆಂಬರ್

"ಲಭ್ಯವಿಲ್ಲ" ಅಂದರೆ "ಬಂದಿಲ್ಲ" ಅಂತ ಅಲ್ಲ, ಗಮನಿಸಿ. ಆ ಎರಡು ವರ್ಷದ ಚಲನ್ ಮೊತ್ತ ಕೊಟ್ಟಿದ್ದಾರಾ?

ಗಣಿತದ ಮಿಸ್ · 18 ನವೆಂಬರ್

2003-04ರದ್ದು ಕೊಟ್ಟಿದ್ದಾರೆ. 12 ತಿಂಗಳಿಗೂ ಇದೆ. 2006-07ರಲ್ಲಿ ಐದೇ ತಿಂಗಳದು, ಆಗಸ್ಟ್‌ಗೆ ನಿಂತಿದೆ.

ಹಳೇ ಫೈಲು · 18 ನವೆಂಬರ್

ಅಲ್ಲಿಗೆ ಕಟ್ಟದೇ ಹೋದದ್ದು ನಾಲ್ಕು ವರ್ಷವಲ್ಲ, ಏಳು ತಿಂಗಳು. ಮೊದಲ ಮೂರು ವರ್ಷ ಐದು ತಿಂಗಳಿಗೆ ದಾಖಲೆ ತಿದ್ದುವ ಅರ್ಜಿ, 2003-04ಕ್ಕೆ ನಿಮ್ಮ 12 ಸಂಬಳದ ಚೀಟಿ ಜೊತೆಗಿಡಿ. ಆ ಏಳು ತಿಂಗಳಿಗೆ ಬೇರೆ ದೂರು. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ಒಂದಕ್ಕಾಗಿ ಇನ್ನೊಂದು ನಿಂತುಹೋಗುತ್ತದೆ.

ಗಣಿತದ ಮಿಸ್ · 19 ನವೆಂಬರ್

2003-04ರ ಚೀಟಿ ಎಣಿಸಿದೆ. 11 ಇವೆ. ಅಕ್ಟೋಬರ್‌ದು ಇಲ್ಲ. ಯಜಮಾನರು ಮತ್ತೆ ಏಣಿ ಹಾಕುತ್ತಿದ್ದಾರೆ.